ಕಳಿಸಿದ್ದೆಷ್ಟು, ತಲುಪಿದ್ದೆಷ್ಟು

ನಮ್ಮ ಕಡೆ ತೋಟಗಳಿಗೆ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮನೆಯ ಬಲ್ಬು ಮಂಕಾಗುತ್ತಿತ್ತು. ಲೈನಿನ ಕೊನೆಯಲ್ಲಿದ್ದ ಮನೆಗಳಲ್ಲಿ ಫ್ಯಾನು ಸುಸ್ತಾದವರಂತೆ ತಿರುಗುತ್ತಿತ್ತು. ರಾತ್ರಿ ಪಂಪುಗಳೆಲ್ಲ ನಿಂತ ಮೇಲೆ ಅದೇ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯುತ್ತಿತ್ತು. ‘ಈಗ ವೋಲ್ಟೇಜ್ ಬಂತು’ ಎನ್ನುತ್ತಿದ್ದರು ಹಿರಿಯರು. ಸಬ್‌ಸ್ಟೇಷನ್ನಿನವರು ರಾತ್ರಿ ಹೆಚ್ಚು ಕಳಿಸುತ್ತಾರೆ ಎಂದೇ ಎಲ್ಲರೂ ನಂಬಿದ್ದರು. ಅವರು ಕಳಿಸುವ ವೋಲ್ಟೇಜು ಹಗಲೂ ರಾತ್ರಿ ಒಂದೇ ಇದ್ದರೂ ಹೀಗಾಗುತ್ತದೆ ಎಂಬುದು ಬಹಳ ವರ್ಷಗಳ ನಂತರ, ಎಂಜಿನಿಯರಿಂಗ್ ಓದುವಾಗ ನನಗೆ ತಿಳಿಯಿತು. ಬದಲಾಗುತ್ತಿದ್ದುದು ಕಳಿಸಿದ್ದಲ್ಲ, ದಾರಿಯಲ್ಲಿ ಕಳೆದುಹೋಗುತ್ತಿದ್ದ ಪಾಲು.

ಈ ಏರಿಳಿತಕ್ಕೆ ಎಂಜಿನಿಯರುಗಳು ಇಟ್ಟಿರುವ ಹೆಸರು ವೋಲ್ಟೇಜ್ ರೆಗ್ಯುಲೇಷನ್. ಪೂರ್ತಿ ಲೋಡ್ ಇದ್ದಾಗ ಪಡೆಯುವ ತುದಿಯಲ್ಲಿ ಒಂದಿಷ್ಟು ವೋಲ್ಟೇಜ್ ಇರುತ್ತದೆ. ಕಳಿಸುವ ತುದಿಯನ್ನು ಮುಟ್ಟದೆ ಲೋಡನ್ನು ಪೂರ್ತಿ ತೆಗೆದರೆ ಅದು ಎಷ್ಟು ಏರುತ್ತದೋ, ಆ ಏರಿಕೆ ಮೊದಲಿದ್ದ ವೋಲ್ಟೇಜಿನ ಶೇಕಡಾ ಎಷ್ಟು ಎಂಬುದೇ ರೆಗ್ಯುಲೇಷನ್. ಈ ಅಂಕಿ ಚಿಕ್ಕದಾದಷ್ಟೂ ಕೊನೆಯ ಮನೆಗೆ ಒಳ್ಳೆಯದು. ದಕ್ಷತೆ ಇದಕ್ಕಿಂತ ಸರಳ: ತಲುಪಿದ ಶಕ್ತಿಯನ್ನು ಕಳಿಸಿದ ಶಕ್ತಿಯಿಂದ ಭಾಗಿಸಿದರೆ ಸಿಗುತ್ತದೆ. ಈ ಎರಡನ್ನೂ ಹಲವರು ಒಂದೇ ಎಂದುಕೊಳ್ಳುತ್ತಾರೆ, ಆದರೆ ಒಂದು ಸುಧಾರಿಸಿದರೆ ಇನ್ನೊಂದೂ ಅಷ್ಟೇ ಸುಧಾರಿಸಬೇಕೆಂದಿಲ್ಲ. ಯಾಕೆ ಎಂದು ತಿಳಿಯಲು ತಂತಿಯ ಸ್ವಭಾವವನ್ನೇ ನೋಡಬೇಕು.

ಯಾವುದೇ ತಂತಿಯಲ್ಲಿ ಮೊದಲು ಕಾಣುವುದು ರೋಧ. ಅಲ್ಯೂಮಿನಿಯಂ ದಪ್ಪವಾದಷ್ಟೂ ರೋಧ ಕಡಿಮೆ, ಬಿಸಿಲಿಗೂ ಕರೆಂಟಿಗೂ ತಂತಿ ಕಾದಷ್ಟೂ ರೋಧ ಹೆಚ್ಚು. ಎರಡನೆಯದು ಇಂಡಕ್ಟೆನ್ಸ್. ಕರೆಂಟು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುವುದರಿಂದ ಆ ಕ್ಷೇತ್ರವೂ ಎದ್ದು ಬಿದ್ದು, ಕರೆಂಟಿನ ಪ್ರತಿ ಬದಲಾವಣೆಯನ್ನೂ ತಡೆಯುತ್ತದೆ. ಈ ತಡೆಗೆ ರಿಯಾಕ್ಟೆನ್ಸ್ ಎನ್ನುತ್ತಾರೆ. ಇದನ್ನೂ ಓಮ್‌ನಲ್ಲೇ ಅಳೆಯುತ್ತಾರೆ, ಆದರೆ ಇದು ಶಕ್ತಿಯನ್ನು ಸುಡುವುದಿಲ್ಲ, ವೋಲ್ಟೇಜನ್ನು ಮಾತ್ರ ತಿನ್ನುತ್ತದೆ. ಮೂರನೆಯದು ಕೆಪಾಸಿಟೆನ್ಸ್. ಒಂದು ತಂತಿ, ಪಕ್ಕದ ತಂತಿ, ನಡುವೆ ಗಾಳಿ: ಇಷ್ಟಿದ್ದರೆ ಅದೇ ಒಂದು ಉದ್ದನೆಯ ಕೆಪಾಸಿಟರ್. ಲೋಡೇ ಇಲ್ಲದಿದ್ದರೂ ಆ ಕೆಪಾಸಿಟರನ್ನು ತುಂಬಿಸಲು, ಬರಿದು ಮಾಡಲು ಒಂದಿಷ್ಟು ಕರೆಂಟು ಓಡಾಡುತ್ತಲೇ ಇರುತ್ತದೆ. ಅದಕ್ಕೆ ಚಾರ್ಜಿಂಗ್ ಕರೆಂಟ್ ಎಂದು ಹೆಸರು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ತಂತಿಗಳ ನಡುವಿನ ಅಂತರ ಹೆಚ್ಚಿದರೆ ಇಂಡಕ್ಟೆನ್ಸ್ ಏರುತ್ತದೆ, ಆದರೆ ಲಾಗರಿತಮ್ ಲೆಕ್ಕದಲ್ಲಿ, ಅಂದರೆ ತೀರಾ ನಿಧಾನವಾಗಿ. ತಂತಿಗಳು 5 ಮೀಟರ್ ದೂರವಿದ್ದ ಕಡೆ 10 ಮೀಟರ್ ಮಾಡಿದರೆ ರಿಯಾಕ್ಟೆನ್ಸ್ ಏರುವುದು ಶೇಕಡಾ 11ರಷ್ಟು ಮಾತ್ರ. ಆದ್ದರಿಂದಲೇ ಕಂಬದ ಮೇಲಿನ 11 ಕಿಲೊವೋಲ್ಟ್ ಲೈನಿರಲಿ, ದೊಡ್ಡ ಟವರಿನ ಮೇಲಿನ 110 ಕಿಲೊವೋಲ್ಟ್ ಲೈನಿರಲಿ, ರಿಯಾಕ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.4 ಓಮ್ ಆಸುಪಾಸಿನಲ್ಲೇ ಇರುತ್ತದೆ. ತಂತಿಯ ರೋಧ ಹಾಗಲ್ಲ. ಹಳ್ಳಿ ಲೈನುಗಳಲ್ಲಿ ಕಾಣುವ ರ‍್ಯಾಬಿಟ್ ಎಂಬ ತೆಳುವಾದ ತಂತಿಯ ರೋಧ ಕಿಲೋಮೀಟರಿಗೆ ಅರ್ಧ ಓಮ್ ಮೀರುತ್ತದೆ. 110 ಕಿಲೊವೋಲ್ಟಿಗೆ ಬಳಸುವ ಲಿಂಕ್ಸ್ ತಂತಿಯದು 0.16 ಓಮ್ ಆಸುಪಾಸು. ತಂತಿಗಳಿಗೆ ಪ್ರಾಣಿಗಳ ಹೆಸರಿಡುವುದು ಈ ಉದ್ಯೋಗದ ಹಳೆಯ ರೂಢಿ. ಒಟ್ಟಿನಲ್ಲಿ ತೆಳು ತಂತಿಯ ಲೈನಿನಲ್ಲಿ ರೋಧದ್ದೇ ದರ್ಬಾರು, ದಪ್ಪ ತಂತಿಯದರಲ್ಲಿ ರಿಯಾಕ್ಟೆನ್ಸಿನದು.

ಇಷ್ಟೆಲ್ಲ ಒಳಗಿನ ವಿವರಗಳನ್ನು ಪ್ರತಿ ಸಲ ಹಿಡಿದು ಕೂರುವ ಬದಲು ಲೈನನ್ನು ಒಂದು ಮುಚ್ಚಿದ ಪೆಟ್ಟಿಗೆ ಎಂದುಕೊಳ್ಳಬಹುದು. ಒಂದು ಬದಿಯಲ್ಲಿ ಕಳಿಸುವ ವೋಲ್ಟೇಜು ಮತ್ತು ಕರೆಂಟು, ಇನ್ನೊಂದು ಬದಿಯಲ್ಲಿ ಪಡೆಯುವ ವೋಲ್ಟೇಜು ಮತ್ತು ಕರೆಂಟು. ಎರಡನ್ನೂ ಜೋಡಿಸಲು ನಾಲ್ಕು ಸಂಖ್ಯೆ ಸಾಕು. ಇವೇ ಎಬಿಸಿಡಿ ಸ್ಥಿರಾಂಕಗಳು:

```
Vs = A·Vr + B·Ir
Is = C·Vr + D·Ir
```

ಇಲ್ಲಿ s ಎಂದರೆ ಕಳಿಸುವ ತುದಿ, r ಎಂದರೆ ಪಡೆಯುವ ತುದಿ. ಈ ಸಂಖ್ಯೆಗಳಿಗೆ ಗಾತ್ರದ ಜೊತೆಗೆ ಕೋನವೂ ಇರುತ್ತದೆ ಎಂಬುದನ್ನು ಮರೆಯಬಾರದು. ಅವುಗಳ ಅರ್ಥ ತಿಳಿಯಲು ಪರೀಕ್ಷೆ ಮಾಡಿದಂತೆ ಊಹಿಸಿಕೊಳ್ಳುವುದು ಒಳ್ಳೆಯದು. ಪಡೆಯುವ ತುದಿಯನ್ನು ತೆರೆದಿಟ್ಟರೆ ಅಲ್ಲಿ ಕರೆಂಟಿಲ್ಲ, ಆಗ ಎರಡು ತುದಿಗಳ ವೋಲ್ಟೇಜಿನ ಅನುಪಾತವೇ A, ಚಾರ್ಜಿಂಗ್ ಕರೆಂಟಿನ ಅಳತೆಯೇ C. ಆ ತುದಿಯ ತಂತಿಗಳನ್ನು ಒಟ್ಟಿಗೆ ಸೇರಿಸಿ ಶಾರ್ಟ್ ಮಾಡಿದರೆ ಅಲ್ಲಿ ವೋಲ್ಟೇಜಿಲ್ಲ, ಆಗ ಸಿಗುವವು B ಮತ್ತು D. B ಓಮ್‌ನಲ್ಲಿ ಬರುತ್ತದೆ, C ಅದರ ವಿಲೋಮದಲ್ಲಿ, A ಮತ್ತು D ಬರೀ ಸಂಖ್ಯೆಗಳು. ಲೈನನ್ನು ತಿರುಗಿಸಿಟ್ಟರೂ ಅದು ಅದೇ ಲೈನು, ಆದ್ದರಿಂದ A ಮತ್ತು D ಒಂದೇ. ಜೊತೆಗೆ AD − BC ಯಾವಾಗಲೂ 1 ಬರಬೇಕು. ಲೆಕ್ಕ ಮುಗಿದ ಮೇಲೆ ಇದನ್ನೊಮ್ಮೆ ನೋಡಿದರೆ ಎಷ್ಟೋ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಮೊದಲು ನಮ್ಮೂರಿನಂಥ ಲೈನನ್ನೇ ತೆಗೆದುಕೊಳ್ಳೋಣ. 11 ಕಿಲೊವೋಲ್ಟ್, 10 ಕಿಲೋಮೀಟರ್ ಉದ್ದ, ರ‍್ಯಾಬಿಟ್ ತಂತಿ. ಕಾದ ತಂತಿಯ ಒಟ್ಟು ರೋಧ 6 ಓಮ್, ರಿಯಾಕ್ಟೆನ್ಸ್ 3.6 ಓಮ್ ಎನ್ನೋಣ. ಕೊನೆಯಲ್ಲಿ ಪಂಪುಗಳ ಲೋಡ್ 1 ಮೆಗಾವಾಟ್, ಪವರ್ ಫ್ಯಾಕ್ಟರ್ 0.8. ಪವರ್ ಫ್ಯಾಕ್ಟರ್ ಎಂದರೆ ತಂತಿಯಲ್ಲಿ ಓಡುವ ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು. ಮಿಕ್ಕದ್ದು ಮೋಟಾರಿನ ಕಾಂತಕ್ಷೇತ್ರಕ್ಕಾಗಿ ಸುಮ್ಮನೆ ಹೋಗಿಬರುತ್ತದೆ. ಈ ಲೋಡಿಗೆ ಬೇಕಾಗುವ ಕರೆಂಟು 65.6 ಆಂಪಿಯರ್. ಇಷ್ಟು ಚಿಕ್ಕ ಲೈನಿನ ಚಾರ್ಜಿಂಗ್ ಕರೆಂಟು ಸುಮಾರು 0.2 ಆಂಪಿಯರ್ ಮಾತ್ರ. 65ರ ಮುಂದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಗತ್ಯವಿಲ್ಲ. ಕೆಪಾಸಿಟೆನ್ಸನ್ನು ಹೀಗೆ ಕೈಬಿಡಬಹುದಾದ ಲೈನೇ ‘ಶಾರ್ಟ್ ಲೈನ್’. ಪಠ್ಯಪುಸ್ತಕಗಳು 80 ಕಿಲೋಮೀಟರಿನ ಗಡಿ ಹಾಕುತ್ತವೆ, ಆದರೆ ನಿಜವಾದ ಕಾರಣ ಉದ್ದವಲ್ಲ, ಈ ಹೋಲಿಕೆ. ಅಂಥ ಲೈನಿನಲ್ಲಿ A ಮತ್ತು D ಎರಡೂ 1, C ಸೊನ್ನೆ, B ಎಂದರೆ ತಂತಿಯ ಒಟ್ಟು ಇಂಪೀಡೆನ್ಸ್, ಅಂದರೆ ರೋಧ ಮತ್ತು ರಿಯಾಕ್ಟೆನ್ಸ್ ಕೂಡಿದ ತಡೆ.

ಮೂರು ಫೇಸಿನ ಲೆಕ್ಕವನ್ನು ಯಾವಾಗಲೂ ಒಂದು ಫೇಸಿಗೆ ಇಳಿಸಿಕೊಂಡೇ ಮಾಡಬೇಕು. 11 ಸಾವಿರವನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ 6351 ವೋಲ್ಟ್. ಇದನ್ನು ಮರೆತು 11 ಸಾವಿರಕ್ಕೇ ತಂತಿಯ ಕುಸಿತ ಕೂಡಿಸುವವರು ಪ್ರತಿ ವರ್ಷದ ಉತ್ತರಪತ್ರಿಕೆಗಳಲ್ಲೂ ಸಿಗುತ್ತಾರೆ. ಕುಸಿತದ ಮುಖ್ಯ ಪಾಲು ಹೀಗೆ: ರೋಧವನ್ನು 0.8ರಿಂದ, ರಿಯಾಕ್ಟೆನ್ಸನ್ನು 0.6ರಿಂದ ಗುಣಿಸಿ ಕೂಡಿಸಿದರೆ 6.96, ಅದನ್ನು ಕರೆಂಟಿನಿಂದ ಗುಣಿಸಿದರೆ 457 ವೋಲ್ಟ್. ಆದ್ದರಿಂದ ತುದಿಯಲ್ಲಿ 6351 ಬೇಕಾದರೆ ಸುಮಾರು 6808 ಕಳಿಸಬೇಕು. ಲೈನ್ ಲೆಕ್ಕದಲ್ಲಿ ಅದು 11.8 ಕಿಲೊವೋಲ್ಟ್. ರಾತ್ರಿ ಪಂಪು ನಿಂತರೆ ಕುಸಿತವಿಲ್ಲ, A 1 ಆದ್ದರಿಂದ ಕಳಿಸಿದ 11.8 ಹಾಗೇ ತುದಿಗೂ ತಲುಪುತ್ತದೆ. ರೆಗ್ಯುಲೇಷನ್ ಶೇಕಡಾ 7.2. ನಮ್ಮ ಮನೆಯ ಬಲ್ಬು ರಾತ್ರಿ ಕಣ್ಣು ಕುಕ್ಕುತ್ತಿದ್ದುದು ಇದರಿಂದಲೇ. ಇನ್ನು ನಷ್ಟ: ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ, ಮೂರು ಫೇಸಿಗೆ ಮೂರು ಪಟ್ಟು ಮಾಡಿದರೆ 77 ಕಿಲೊವಾಟ್. ಅಂದರೆ ದಕ್ಷತೆ ಶೇಕಡಾ 92.8. ಆ 77 ಕಿಲೊವಾಟ್ ತಂತಿಯನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ.

ಶಾರ್ಟ್ ಲೈನಿನ ಕತೆ ಇಷ್ಟೇ. ಉದ್ದ ಹೆಚ್ಚಿದಾಗ ವಿಷಯ ಬೇರೆಯಾಗುತ್ತದೆ, ಅದಕ್ಕೆ ನಮ್ಮದೇ ನೆಲದ ಉದಾಹರಣೆ ಇದೆ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿ ಜಲಪಾತದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದೂರ 92 ಮೈಲಿ, ಅಂದರೆ 148 ಕಿಲೋಮೀಟರ್. ಆ ಕಾಲಕ್ಕೆ ಲೋಕದ ಅತಿ ಉದ್ದದ ಪ್ರಸರಣ ಮಾರ್ಗಗಳ ಸಾಲಿನಲ್ಲಿ ಅದು ನಿಂತಿತ್ತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಇಂದಿನ ವಿಂಗಡಣೆಯಲ್ಲಿ ಆ ಉದ್ದ 80ರಿಂದ 240 ಕಿಲೋಮೀಟರಿನ ‘ಮೀಡಿಯಂ ಲೈನ್’ ಎಂಬ ಗುಂಪಿಗೆ ಸೇರುತ್ತದೆ.

ಅಷ್ಟೇ ದೂರಕ್ಕೆ, ಲೆಕ್ಕ ಸುಲಭವಾಗಲೆಂದು 150 ಕಿಲೋಮೀಟರ್ ಎಂದುಕೊಂಡು, ಇಂದಿನ ಒಂದು 110 ಕಿಲೊವೋಲ್ಟ್ ಲೈನನ್ನು ಕಾಗದದ ಮೇಲೆ ಎಳೆಯೋಣ. ಲಿಂಕ್ಸ್ ತಂತಿ, ನಡುವೆ ಸುಮಾರು 5 ಮೀಟರ್ ಅಂತರ. ಕಾದ ತಂತಿಯ ರೋಧ ಒಟ್ಟು 27 ಓಮ್, ರಿಯಾಕ್ಟೆನ್ಸ್ 60 ಓಮ್. ಕೆಪಾಸಿಟೆನ್ಸಿನಿಂದ ಬರುವ ಚಾರ್ಜಿಂಗ್ ಕರೆಂಟು ಸುಮಾರು 27 ಆಂಪಿಯರ್. ಈ ಲೈನಿನ ಮೇಲೆ 20 ಮೆಗಾವಾಟ್ ಲೋಡನ್ನು 0.9 ಪವರ್ ಫ್ಯಾಕ್ಟರಿನಲ್ಲಿ ಹಾಕಿದರೆ ಲೋಡ್ ಕರೆಂಟು 117 ಆಂಪಿಯರ್. 117ರ ಪಕ್ಕದಲ್ಲಿ 27ನ್ನು ಮರೆಯಲಾಗದು.

ಕೆಪಾಸಿಟೆನ್ಸ್ ನಿಜದಲ್ಲಿ ಲೈನಿನ ಉದ್ದಕ್ಕೂ ಹರಡಿರುತ್ತದೆ. ಅದನ್ನು ಹಾಗೆಯೇ ಲೆಕ್ಕ ಹಾಕುವುದು ಕಷ್ಟ, ಆದ್ದರಿಂದ ಮೀಡಿಯಂ ಲೈನಿನಲ್ಲಿ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ಅರ್ಧ ಕೆಪಾಸಿಟೆನ್ಸನ್ನು ಈ ತುದಿಗೆ, ಅರ್ಧವನ್ನು ಆ ತುದಿಗೆ ಗುಡ್ಡೆ ಹಾಕುವುದು. ಚಿತ್ರ ಬರೆದರೆ ಗ್ರೀಕ್ ಅಕ್ಷರ ಪೈ ಕಾಣುತ್ತದೆ. ಇಡೀ ಕೆಪಾಸಿಟೆನ್ಸನ್ನು ನಡುಮಧ್ಯೆ ಇಡುವ ಟೀ ಮಾದರಿಯೂ ಇದೆ. ಎರಡರಲ್ಲೂ A ಒಂದೇ ಬರುತ್ತದೆ, B ಮತ್ತು C ಮಾತ್ರ ಅದಲುಬದಲು ರೂಪದಲ್ಲಿರುತ್ತವೆ. ಒಂದರ B ತೆಗೆದು ಇನ್ನೊಂದರ C ಜೊತೆ ಬೆರೆಸಿದರೆ ಮೇಲೆ ಹೇಳಿದ AD − BC ಪರೀಕ್ಷೆಯಲ್ಲಿ ಸೋಲುತ್ತೀರಿ. ಪೈ ಮಾದರಿಯ ಸೂತ್ರ ಹೀಗಿದೆ. Z ಎಂದರೆ ತಂತಿಯ ಒಟ್ಟು ಇಂಪೀಡೆನ್ಸ್, Y ಎಂದರೆ ಕೆಪಾಸಿಟೆನ್ಸಿನ ಒಟ್ಟು ಅಡ್ಮಿಟೆನ್ಸ್:

```
A = D = 1 + YZ/2
B = Z
C = Y(1 + YZ/4)
```

ನಮ್ಮ ಲೈನಿಗೆ A ಬರುವುದು 0.987. ಒಂದಕ್ಕಿಂತ ಸ್ವಲ್ಪ ಕಡಿಮೆ. ಈ ‘ಸ್ವಲ್ಪ ಕಡಿಮೆ’ಯಲ್ಲೇ ಮೀಡಿಯಂ ಲೈನಿನ ವಿಶೇಷವಿದೆ. ಲೋಡಿಲ್ಲದಾಗ Vs = A·Vr ಅಲ್ಲವೇ? ಹಾಗಾದರೆ Vr ಎಂದರೆ Vs ಅನ್ನು 0.987ರಿಂದ ಭಾಗಿಸಿದ್ದು. 110 ಕಿಲೊವೋಲ್ಟ್ ಕಳಿಸಿದರೆ 150 ಕಿಲೋಮೀಟರ್ ಆಚೆ ಸಿಗುವುದು 111.4. ಕಳಿಸಿದ್ದಕ್ಕಿಂತ ಹೆಚ್ಚು! ಇದು ಯಾರ ಕೈಚಳಕವೂ ಅಲ್ಲ. ಚಾರ್ಜಿಂಗ್ ಕರೆಂಟು ವೋಲ್ಟೇಜಿಗಿಂತ ಕಾಲು ಸುತ್ತು ಮುಂದಿರುತ್ತದೆ. ಅದು ತಂತಿಯ ಇಂಡಕ್ಟೆನ್ಸಿನ ಮೂಲಕ ಹಾಯುವಾಗ ಉಂಟಾಗುವ ವೋಲ್ಟೇಜು ಕುಸಿತದ ದಿಕ್ಕಿಗೆ ಬೀಳದೆ ಎದುರು ದಿಕ್ಕಿಗೆ ಬೀಳುತ್ತದೆ. ಹೋಗುವ ದಿಕ್ಕಿಗೇ ತಳ್ಳಿದ ಉಯ್ಯಾಲೆಯಂತೆ ತುದಿಯ ವೋಲ್ಟೇಜು ಮೇಲೇರುತ್ತದೆ. ಇದಕ್ಕೆ ಫೆರಾಂಟಿ ಪರಿಣಾಮ ಎಂದು ಹೆಸರು. ಲಂಡನ್ನಿನ ಡೆಪ್ಟ್‌ಫರ್ಡ್ ವಿದ್ಯುತ್ ಕೇಂದ್ರದಿಂದ ನಗರಕ್ಕೆ 10 ಕಿಲೊವೋಲ್ಟ್ ಕೇಬಲ್ ಎಳೆದ ಸೆಬಾಸ್ಟಿಯನ್ ಫೆರಾಂಟಿಯ ಹೆಸರು ಅದು. ನೆಲದೊಳಗಿನ ಕೇಬಲಿನಲ್ಲಿ ತಂತಿಗಳು ಒತ್ತೊತ್ತಾಗಿರುವುದರಿಂದ ಕೆಪಾಸಿಟೆನ್ಸ್ ಬಹಳ ಹೆಚ್ಚು, ಆದ್ದರಿಂದಲೇ ಚಿಕ್ಕ ದೂರದಲ್ಲೂ ಅಲ್ಲಿ ಅದು ಕಣ್ಣಿಗೆ ಬಿತ್ತು.

ಈ ಏರಿಕೆ ದೂರದ ವರ್ಗದಂತೆ ಬೆಳೆಯುತ್ತದೆ. 150 ಕಿಲೋಮೀಟರಿಗೆ ಶೇಕಡಾ ಒಂದೂಕಾಲು, 300ಕ್ಕೆ ಐದಕ್ಕಿಂತ ಹೆಚ್ಚು. ಅಷ್ಟು ದೂರಕ್ಕೆ ಪೈ ಮಾದರಿಯ ಗುಡ್ಡೆ ಲೆಕ್ಕ ಸಾಲದು, ಲಾಂಗ್ ಲೈನಿನ ಪೂರ್ಣ ಸಮೀಕರಣಗಳೇ ಬೇಕು. ಶಿವನಸಮುದ್ರದ ಮೊದಲ ಲೈನು ಓಡಿದ್ದು ಸೆಕೆಂಡಿಗೆ 25 ಆವರ್ತದಲ್ಲಿ. ಆವರ್ತ ಅರ್ಧವಾದರೆ ರಿಯಾಕ್ಟೆನ್ಸೂ ಅರ್ಧ, ಚಾರ್ಜಿಂಗ್ ಕರೆಂಟೂ ಅರ್ಧ. ನಮ್ಮ ಕಾಗದದ ಲೈನನ್ನು 25 ಆವರ್ತದಲ್ಲಿ ಓಡಿಸಿ ನೋಡಿ, A 0.997 ಬರುತ್ತದೆ, ಏರಿಕೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ಉದ್ದದ ಲೈನಿಗೆ ಆ ನಿಧಾನದ ಆವರ್ತ ನಿಜಕ್ಕೂ ಅನುಕೂಲವೇ ಆಗಿತ್ತು.

ಈಗ ಪೂರ್ತಿ ಲೋಡಿನ ಲೆಕ್ಕ. ತುದಿಯಲ್ಲಿ 110 ಕಿಲೊವೋಲ್ಟ್ ನಿಲ್ಲಬೇಕಾದರೆ ಫೇಸಿಗೆ 63.5. A ಯಿಂದ ಗುಣಿಸಿ, B ಮತ್ತು ಕರೆಂಟಿನ ಗುಣಲಬ್ಧವನ್ನು ಕೋನದ ಸಮೇತ ಕೂಡಿಸಿದರೆ ಕಳಿಸಬೇಕಾದ ಫೇಸ್ ವೋಲ್ಟೇಜು 68.8, ಲೈನ್ ಲೆಕ್ಕದಲ್ಲಿ 119.2 ಕಿಲೊವೋಲ್ಟ್. ಇಲ್ಲಿ ಅನೇಕರು ಎಡವುತ್ತಾರೆ. 119.2ಕ್ಕೂ 110ಕ್ಕೂ ಇರುವ ವ್ಯತ್ಯಾಸವೇ ರೆಗ್ಯುಲೇಷನ್ ಎಂದು ಶೇಕಡಾ 8.3 ಬರೆದು ಮುಗಿಸುತ್ತಾರೆ. ಶಾರ್ಟ್ ಲೈನಿಗೆ ಅದು ಸರಿ, ಇಲ್ಲಿ ತಪ್ಪು. ಲೋಡ್ ತೆಗೆದಾಗ ತುದಿಯ ವೋಲ್ಟೇಜು 119.2ಕ್ಕೆ ನಿಲ್ಲುವುದಿಲ್ಲ, 119.2ನ್ನು A ಯಿಂದ ಭಾಗಿಸಿದಷ್ಟಕ್ಕೆ, ಅಂದರೆ 120.7ಕ್ಕೆ ಏರುತ್ತದೆ. ಸರಿಯಾದ ರೆಗ್ಯುಲೇಷನ್ ಶೇಕಡಾ 9.7. ಆ ಒಂದೂವರೆ ಕಿಲೊವೋಲ್ಟನ್ನು ಸಹಿಸಬೇಕಾದವು ತುದಿಯಲ್ಲಿರುವ ಟ್ರಾನ್ಸ್‌ಫಾರ್ಮರ್, ಇನ್ಸುಲೇಟರುಗಳು. ಪುಸ್ತಕದ ಹೊರಗೆ ಇದು ಅರ್ಧ ಅಂಕದ ತಪ್ಪಲ್ಲ.

ಕಳಿಸುವ ತುದಿಯ ಕರೆಂಟು ಇನ್ನೂ ಕುತೂಹಲಕಾರಿ. C ಮತ್ತು D ಹಾಕಿ ನೋಡಿದರೆ ಅದು 106 ಆಂಪಿಯರ್. ತುದಿಯಲ್ಲಿ ಲೋಡ್ ತೆಗೆದುಕೊಳ್ಳುತ್ತಿರುವುದು 117! ಕಳಿಸಿದ್ದು ಕಡಿಮೆ, ತಲುಪಿದ್ದು ಹೆಚ್ಚು. ಮೊದಲ ಬಾರಿ ಈ ಉತ್ತರ ಬಂದಾಗ ನಾನು ಲೆಕ್ಕವನ್ನು ಮೂರು ಸಲ ತಿದ್ದಿದ್ದೆ. ತಪ್ಪಿರಲಿಲ್ಲ. ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾದ, ಹಿಂದೆ ಬೀಳುವ ಕರೆಂಟಿನ ಒಂದು ಪಾಲನ್ನು ಲೈನಿನ ಕೆಪಾಸಿಟೆನ್ಸೇ ದಾರಿಯಲ್ಲಿ ಒದಗಿಸುತ್ತದೆ. ಅಷ್ಟನ್ನು ವಿದ್ಯುತ್ ಕೇಂದ್ರದಿಂದ ತರಬೇಕಿಲ್ಲ. ಇದರಿಂದ ನಷ್ಟವೂ ತಗ್ಗುತ್ತದೆ. ಕೆಪಾಸಿಟೆನ್ಸನ್ನು ಮರೆತು ಲೆಕ್ಕ ಹಾಕಿದರೆ ನಷ್ಟ 1.1 ಮೆಗಾವಾಟ್ ಬರುತ್ತದೆ, ಸೇರಿಸಿದರೆ ಸರಿಯಾಗಿ 1 ಮೆಗಾವಾಟ್ ಆಸುಪಾಸು. ದಕ್ಷತೆ ಶೇಕಡಾ 95.2. ರಾತ್ರಿ ವೋಲ್ಟೇಜ್ ಏರಿಸಿ ಕಾಡುವ ಕೆಪಾಸಿಟೆನ್ಸೇ ಹಗಲಿನಲ್ಲಿ ನೂರು ಕಿಲೊವಾಟ್ ಉಳಿಸಿಕೊಡುತ್ತದೆ.

ಹಾಗಾದರೆ ಇನ್ನಷ್ಟು ಕೆಪಾಸಿಟರುಗಳನ್ನು ನಾವೇ ಜೋಡಿಸಬಾರದೇಕೆ? ಜೋಡಿಸುತ್ತಾರೆ. ಪಡೆಯುವ ಸಬ್‌ಸ್ಟೇಷನ್ನಿನಲ್ಲಿ ಸುಮಾರು 10 ಮೆಗಾವಾರ್ ಗಾತ್ರದ ಕೆಪಾಸಿಟರ್ ಬ್ಯಾಂಕ್ ಹಾಕಿದರೆ ಈ ಲೋಡಿನ ಪವರ್ ಫ್ಯಾಕ್ಟರ್ ಒಂದಕ್ಕೆ ಬರುತ್ತದೆ. ಆಗ ಕಳಿಸಬೇಕಾದದ್ದು 114 ಕಿಲೊವೋಲ್ಟ್ ಮಾತ್ರ, ರೆಗ್ಯುಲೇಷನ್ ಶೇಕಡಾ 9.7ರಿಂದ 5ಕ್ಕೆ ಇಳಿಯುತ್ತದೆ. ದಕ್ಷತೆ ಮಾತ್ರ 95.2ರಿಂದ 95.7ಕ್ಕೆ, ಅರ್ಧ ಶೇಕಡಾ ಅಷ್ಟೇ. ಮೊದಲೇ ಹೇಳಿದಂತೆ ಎರಡೂ ಒಂದೇ ಅಲ್ಲ. ದಪ್ಪ ತಂತಿಯ ಈ ಲೈನಿನಲ್ಲಿ ವೋಲ್ಟೇಜನ್ನು ತಿನ್ನುವುದು ಮುಖ್ಯವಾಗಿ ರಿಯಾಕ್ಟೆನ್ಸ್, ಶಕ್ತಿಯನ್ನು ತಿನ್ನುವುದು ರೋಧ. ಕೆಪಾಸಿಟರ್ ಮೊದಲನೆಯದಕ್ಕೆ ಮದ್ದು.

ನಮ್ಮೂರಿನ 11 ಕಿಲೊವೋಲ್ಟ್ ಲೈನಿನಲ್ಲಿ ಇದು ತಿರುವುಮುರುವು. ಅಲ್ಲಿ ಪಂಪುಗಳ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ಏರಿಸಿದರೆ ರೆಗ್ಯುಲೇಷನ್ 7.2ರಿಂದ 5.9ಕ್ಕೆ ಮಾತ್ರ ಬರುತ್ತದೆ. ಆದರೆ ನಷ್ಟ 77 ಕಿಲೊವಾಟಿನಿಂದ 55ಕ್ಕೆ, ಅಂದರೆ ಸುಮಾರು ಶೇಕಡಾ 29ರಷ್ಟು ತಗ್ಗುತ್ತದೆ. ತೆಳು ತಂತಿಯಲ್ಲಿ ಪ್ರತಿ ಆಂಪಿಯರಿಗೂ ತೆರುವ ಬೆಲೆ ಹೆಚ್ಚು.

ದೊಡ್ಡ ಕೆಪಾಸಿಟರ್ ಬ್ಯಾಂಕಿನಲ್ಲಿ ಒಂದು ಅಪಾಯವಿದೆ, ಅದನ್ನು ಹೇಳದೆ ಬಿಡಬಾರದು. ಲೋಡ್ ಹೋದ ಮೇಲೂ ಅದು ಲೈನಿಗೆ ಅಂಟಿಕೊಂಡೇ ಇದ್ದರೆ, ಲೈನಿನ ಸ್ವಂತ ಏರಿಕೆಯ ಜೊತೆ ಬ್ಯಾಂಕಿನ ಏರಿಕೆಯೂ ಸೇರಿಕೊಳ್ಳುತ್ತದೆ. ನಮ್ಮ ಲೈನಿನಲ್ಲಿ 110 ಕಳಿಸಿದರೆ ತುದಿಯಲ್ಲಿ 117 ಕಿಲೊವೋಲ್ಟ್ ನಿಲ್ಲುತ್ತದೆ. ಆದ್ದರಿಂದ ಲೋಡ್ ಇಳಿದಂತೆ ಬ್ಯಾಂಕನ್ನು ಬಿಚ್ಚಲೇಬೇಕು. ಸಬ್‌ಸ್ಟೇಷನ್ನಿನಲ್ಲಿ ಅದನ್ನು ನೋಡಿಕೊಳ್ಳಲು ಜನರೂ ಸಾಧನಗಳೂ ಇರುತ್ತವೆ.

ತೋಟದ ಪಂಪಿನಲ್ಲಿ ಆ ತೊಂದರೆಯಿಲ್ಲ. ಮೋಟಾರಿಗೇ ನೇರವಾಗಿ ಜೋಡಿಸಿದ ಕೆಪಾಸಿಟರು ಮೋಟಾರು ನಿಂತಾಗ ತಾನೂ ಲೈನಿನಿಂದ ಕಳಚಿಕೊಳ್ಳುತ್ತದೆ, ಬೇಕಾದ ಕರೆಂಟನ್ನು ಬೇಕಾದ ಜಾಗದಲ್ಲೇ ಕೊಡುತ್ತದೆ, ಹತ್ತು ಕಿಲೋಮೀಟರಿನ ತೆಳು ತಂತಿಯಲ್ಲಿ ಅದನ್ನು ಎಳೆದು ತರುವುದು ತಪ್ಪುತ್ತದೆ. ಪಂಪ್‌ಸೆಟ್ ಇರುವವರು ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಸ್ಟಾರ್ಟರ್ ಪೆಟ್ಟಿಗೆ ತೆಗೆಸಿ, ಮೋಟಾರಿನ ಗಾತ್ರಕ್ಕೆ ತಕ್ಕ ಕೆಪಾಸಿಟರ್ ಅದರಲ್ಲಿದೆಯೇ, ಸುಟ್ಟು ಊದಿಕೊಂಡಿದೆಯೇ, ಸ್ಟಾರ್ಟರಿನ ಮೋಟಾರ್ ಕಡೆಗೇ ಜೋಡಿಸಿದ್ದಾರೆಯೇ ಎಂದು ಒಮ್ಮೆ ನೋಡಿಸಿಕೊಳ್ಳಿ.